ಎರಡು ಇಂಚು ಬೋರು, ಒಂದು ಎಕರೆ ತರಕಾರಿ: ಡ್ರಿಪ್ಪಾ ಸ್ಪ್ರಿಂಕ್ಲರಾ?

ಪ್ರಶ್ನೆ: ಸರ್ ನಮ್ದು ಚಿಂತಾಮಣಿ ತಾಲ್ಲೂಕು, ಒಂದು ಎಕರೆ ಕೆಂಪು ಮಣ್ಣು, ಬೋರು ಒಂದೇ. ಎರಡು ಇಂಚು ನೀರು ಇದೆ, ಏಪ್ರಿಲ್ ಬಂದ್ರೆ ಒಂದೂವರೆಗೆ ಇಳಿಯತ್ತೆ. ಟೊಮೆಟೊ ಬೀನ್ಸ್ ಜಾಸ್ತಿ ಹಾಕ್ತೀವಿ, ಜೊತೆಗೆ ಸ್ವಲ್ಪ ಕ್ಯಾರೆಟ್, ಕೊತ್ತಂಬರಿ. ಡ್ರಿಪ್ ಹಾಕ್ಸೋದಾ ಸ್ಪ್ರಿಂಕ್ಲರ್ ಹಾಕ್ಸೋದಾ? ಅಂಗಡಿಯವ್ರು ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಉತ್ತರ: ಟೊಮೆಟೊ ಬೀನ್ಸ್‌ಗೆ ಡ್ರಿಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ. ಕ್ಯಾರೆಟ್ ಕೊತ್ತಂಬರಿಗೆ ಮಾತ್ರ ನಾಲ್ಕೈದು ಗುಂಟೆಗೆ ಆಗೋಷ್ಟು ಸಣ್ಣ ಸ್ಪ್ರಿಂಕ್ಲರ್ ಇಟ್ಕೊಳ್ಳಿ. ಆದ್ರೆ ಇಷ್ಟು ಕೇಳ್ಕೊಂಡು ಅಂಗಡಿಗೆ ಹೋಗ್ಬೇಡಿ, ಯಾಕಂದ್ರೆ ನಿಮ್ಮ ಬೋರಿಗೆ ಡ್ರಿಪ್ ಕೂಡ ತಪ್ಪಾಗಿ ಹಾಕಿದ್ರೆ ಕೆಲಸ ಮಾಡಲ್ಲ, ಅದನ್ನ ನಾನು ಬೇಕಾದಷ್ಟು ತೋಟದಲ್ಲಿ ನೋಡಿದೀನಿ.

ಮೊದಲು ಈ ಇಂಚಿನ ವಿಷಯ ಸರಿ ಮಾಡ್ಕೊಳ್ಳೋಣ. ಬೋರು ಕೊರೆದ ದಿನ ವಿ ಆಕಾರದ ಕಿಂಡಿ ಇರೋ ತಗಡಿನ ಪೆಟ್ಟಿಗೆ ಇಟ್ಟು ಅಳೀತಾರಲ್ಲ, ಇಂಚು ಅಂದ್ರೆ ಆ ಕಿಂಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ಹರೀತಿದೆ ಅನ್ನೋ ಲೆಕ್ಕ. ಕಿಂಡಿ ಮೇಲಕ್ಕೆ ಹೋದಂಗೆ ಅಗಲ ಆಗ್ತಾ ಹೋಗೋದ್ರಿಂದ ಒಂದು ಇಂಚಿಗೆ ಎರಡರಷ್ಟು ಅಂದ್ರೆ ಎರಡು ಇಂಚು ಅಂತ ಲೆಕ್ಕ ಹಾಕೋಕೆ ಬರಲ್ಲ. ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆಗೆ 1400, ಎರಡಕ್ಕೆ 2900, ಮೂರಕ್ಕೆ ಹತ್ತಿರ ಹತ್ತಿರ 8000 ಲೀಟರ್. ಅಂದ್ರೆ ನೀವು "ಏಪ್ರಿಲ್‌ನಲ್ಲಿ ಅರ್ಧ ಇಂಚು ಇಳಿಯತ್ತೆ" ಅಂತ ಸಲೀಸಾಗಿ ಬರ್ದಿದ್ದೀರಲ್ಲ, ಆ ಅರ್ಧ ಇಂಚಲ್ಲಿ ನಿಮ್ಮ ನೀರು ಸರೀ ಅರ್ಧ ಹೋಗಿರತ್ತೆ. ಇದು ಗೊತ್ತಿಲ್ದೇ ಎಷ್ಟೋ ಜನ ಜನವರಿ ನೀರು ನೋಡಿ ನಾಟಿ ಮಾಡಿ, ಏಪ್ರಿಲ್‌ನಲ್ಲಿ ಕಾಯಿ ಹಿಡ್ದಿರೋ ಗಿಡ ಒಣಗೋದನ್ನ ನೋಡ್ತಾ ಕೂರ್ತಾರೆ.

ಇನ್ನೊಂದು, ಎಷ್ಟೋ ಕಡೆ ಎರಡು ಇಂಚು ಅಂದ್ರೆ ಎರಡು ಇಂಚಿನ ಪೈಪ್ ತುಂಬಾ ನೀರು ಅಂತಾನೂ ಹೇಳ್ತಾರೆ, ಅದು ಬೇರೇನೇ ಲೆಕ್ಕ. ಅದಕ್ಕೆ ಯಾರ ಮಾತೂ ಬೇಡ, 200 ಲೀಟರ್ ಡ್ರಮ್ ಒಂದು ತಗೊಳ್ಳಿ, ಮೋಟ್ರು ಎರಡು ಗಂಟೆ ಓಡಿದ ಮೇಲೆ ಪೈಪ್ ಅದಕ್ಕೆ ಬಿಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿ. ಸ್ವಿಚ್ ಹಾಕಿದ ತಕ್ಷಣ ಅಳೀಬೇಡಿ, ರಾತ್ರಿಯೆಲ್ಲಾ ಬೋರಲ್ಲಿ ನಿಂತಿರೋ ನೀರು ಮೊದಲು ಜೋರಾಗಿ ಬರತ್ತೆ, ಅದು ನಿಜವಾದ ಊಟೆ ಅಲ್ಲ. ಡ್ರಮ್ ನಾಲ್ಕು ನಿಮಿಷಕ್ಕೆ ತುಂಬಿದ್ರೆ ಗಂಟೆಗೆ 3000 ಲೀಟರ್, ಎಂಟು ನಿಮಿಷ ತಗೊಂಡ್ರೆ 1500. ನೀವು ಹೇಳಿದ ಎರಡು ಇಂಚು, ಒಂದೂವರೆ ಇಂಚು ಇದೇ ಎರಡು ನಂಬರ್ ಹತ್ರ ಬರತ್ತೆ, ಮುಂದಿನ ಲೆಕ್ಕ ಎಲ್ಲಾ ಇದ್ರ ಮೇಲೇ ಹಾಕ್ತೀನಿ. ಥ್ರೀ ಫೇಸ್ ಕರೆಂಟ್ ಏಳು ಗಂಟೆ ಅಂದ್ರೂ ಮಧ್ಯ ಹೋಗೋದು ಬರೋದು ಕಳೆದು ಆರು ಗಂಟೆ ಅಂತ ಇಟ್ಕೊಳ್ಳೋಣ. ಆಗ ನಿಮ್ಗೆ ದಿನಕ್ಕೆ 18,000 ಲೀಟರ್, ಏಪ್ರಿಲ್‌ನಲ್ಲಿ 9,000.

ಈಗ ಬೆಳೆ ಎಷ್ಟು ಕುಡಿಯತ್ತೆ ನೋಡಿ. ನಮ್ಮ ಕಡೆ ಬೇಸಿಗೆ ಬಿಸಿಲಲ್ಲಿ, ಪೂರ್ತಿ ಬೆಳೆದು ನೆಲ ಮುಚ್ಚಿರೋ ಟೊಮೆಟೊ ದಿನಕ್ಕೆ ಸುಮಾರು ಆರು ಮಿಲಿಮೀಟರ್ ನೀರು ಎಳಿಯತ್ತೆ. ಗುಂಟೆ ಲೆಕ್ಕಕ್ಕೆ ತಂದ್ರೆ ಒಂದು ಗುಂಟೆಗೆ ದಿನಕ್ಕೆ 600 ಲೀಟರ್. ಇದು ಗಿಡದ ಬಾಯಿಗೆ ಹೋಗ್ಬೇಕಾಗಿರೋದು. ಡ್ರಿಪ್ಪಲ್ಲಿ ನೂರಕ್ಕೆ ಹತ್ತು ಭಾಗ ಆಚೀಚೆ ಹೋಗತ್ತೆ ಅಂದ್ರೆ ಬೋರಿಂದ 670 ಲೀಟರ್ ಬಿಡ್ಬೇಕು. ಸ್ಪ್ರಿಂಕ್ಲರಲ್ಲಿ ಗಾಳಿಗೆ ಹಾರೋದು, ಎಲೆ ಮೇಲೆ ನಿಂತು ಆವಿ ಆಗೋದು, ಬದು ಮೇಲೆ ಬೀಳೋದು ಎಲ್ಲಾ ಸೇರಿ ನೂರಕ್ಕೆ ಮೂವತ್ತು ಹೋಗತ್ತೆ, ಆಗ 850 ಬಿಡ್ಬೇಕು. 18,000 ಲೀಟರಿಗೆ ಡ್ರಿಪ್ಪಲ್ಲಿ 27 ಗುಂಟೆ ಸಾಕ್ಬೋದು, ಸ್ಪ್ರಿಂಕ್ಲರಲ್ಲಿ 21. ಏಪ್ರಿಲ್‌ನಲ್ಲಿ ಡ್ರಿಪ್ಪಿಗೆ 13, ಸ್ಪ್ರಿಂಕ್ಲರಿಗೆ ಹತ್ತು ಹತ್ತೂವರೆ.

ಇದನ್ನ ನೋಡಿ "ಅಷ್ಟೇನಾ ವ್ಯತ್ಯಾಸ, ಡ್ರಿಪ್ ಅಂದ್ರೆ ಅರ್ಧಕ್ಕರ್ಧ ನೀರು ಉಳಿಯತ್ತೆ ಅಂತಾರಲ್ಲ" ಅಂತ ಅನ್ನಿಸ್ಬೋದು. ಬೆಳೆದು ನಿಂತ ಗಿಡಕ್ಕೆ ಇಷ್ಟೇ ವ್ಯತ್ಯಾಸ, ಯಾಕಂದ್ರೆ ಗಿಡಕ್ಕೆ ಬೇಕಾದ ನೀರನ್ನ ಯಾವ ಪೈಪೂ ಕಮ್ಮಿ ಮಾಡೋಕಾಗಲ್ಲ. ಡ್ರಿಪ್ ನಿಜವಾಗ್ಲೂ ಗೆಲ್ಲೋದು ನಾಟಿ ಆದ ಮೊದಲ ತಿಂಗಳಲ್ಲಿ. ಆಗ ಸಾಲಿಂದ ಸಾಲಿಗೆ ನಾಲ್ಕು ಅಡಿ ಇದ್ರೆ ಸಸಿ ಬೇರು ಇರೋದು ಒಂದಡಿ ಪಟ್ಟಿಯಲ್ಲಿ ಮಾತ್ರ, ಅಷ್ಟಕ್ಕೇ ನೀರು ಕೊಟ್ರೆ ಗುಂಟೆಗೆ ಇನ್ನೂರು ಲೀಟರ್ ಒಳಗೆ ಮುಗೀತು. ಸ್ಪ್ರಿಂಕ್ಲರಿಗೆ ಸಾಲು ಯಾವ್ದು ಖಾಲಿ ಜಾಗ ಯಾವ್ದು ಅಂತ ಗೊತ್ತಾಗಲ್ಲ, ಪೂರ್ತಿ ನೆಲ ನೆನೆಸತ್ತೆ, ಆ ನೀರಲ್ಲಿ ಕಳೆ ಬೆಳೆಯತ್ತೆ, ಕಳೆ ಕೀಳೋ ಕೂಲಿ ಬೇರೆ. ಡ್ರಿಪ್ ಮೇಲೆ ಮಲ್ಚಿಂಗ್ ಶೀಟ್ ಹಾಕಿದ್ರಂತೂ ಮಣ್ಣಿಂದ ಆವಿ ಆಗೋದೂ ನಿಲ್ಲತ್ತೆ.

ನೀರಿನ ಲೆಕ್ಕ ಪಕ್ಕಕ್ಕಿಟ್ರೂ ಟೊಮೆಟೊಗೆ ಮೇಲಿಂದ ನೀರು ಬೇಡ್ವೇ ಬೇಡ. ಎಲೆ ಎಷ್ಟು ಹೊತ್ತು ಒದ್ದೆ ಇರತ್ತೋ ಅಷ್ಟು ಅಂಗಮಾರಿ ಬರೋಕೆ ದಾರಿ, ಕೆಳಗಿನ ಎಲೆ ಮೇಲೆ ಮಣ್ಣು ಸಿಡಿದು ಚುಕ್ಕೆ ರೋಗ ಹತ್ತತ್ತೆ, ನಿನ್ನೆ ಹೊಡೆದ ಔಷಧಿ ಇವತ್ತು ತೊಳ್ಕೊಂಡು ಹೋಗತ್ತೆ. ನಮ್ಮ ಕಡೆ ಬೋರು ನೀರು ಗಡುಸು ಬೇರೆ, ಎಲೆ ಮೇಲೆ ಬಿದ್ದು ಒಣಗಿದ್ರೆ ಬಿಳಿ ಉಪ್ಪು ಕೂರತ್ತೆ, ಉಪ್ಪು ಜಾಸ್ತಿ ಇದ್ರೆ ಅಂಚು ಸುಡತ್ತೆ.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ವಿಷಯ ಇದೆ. ದೊಡ್ಡ ತಿರುಗೋ ಸ್ಪ್ರಿಂಕ್ಲರ್, ಕಡಲೆಕಾಯಿ ಹೊಲಕ್ಕೆ ಇಡ್ತಾರಲ್ಲ, ಅದು ಒಂದೊಂದೂ ಗಂಟೆಗೆ 1500ರಿಂದ 2000 ಲೀಟರ್ ಕೇಳತ್ತೆ, ಅದೂ ಎರಡೂವರೆ ಮೂರು ಕೆಜಿ ಪ್ರೆಶರಲ್ಲಿ. ನಿಮ್ಮ ಹತ್ರ ಇರೋದು 3000. ಅಂದ್ರೆ ಒಳ್ಳೇ ದಿನದಲ್ಲೂ ಒಂದು ಸರಿಯಾಗಿ ತಿರುಗತ್ತೆ, ಎರಡನೇದು ಇಟ್ರೆ ಎರಡೂ ಸೊರಗತ್ತೆ. ಪ್ರೆಶರ್ ಸಾಲ್ದೇ ಇದ್ರೆ ಹೆಂಗೆ ಗೊತ್ತಾಗತ್ತೆ ಅಂದ್ರೆ, ನೀರು ಹನಿಹನಿಯಾಗಿ ಒಡೆಯಲ್ಲ, ದಪ್ಪ ಧಾರೆ ಹಂಗೇ ಹೋಗಿ ದೂರದಲ್ಲಿ ಬಳೆ ತರ ಸುತ್ತ ಬೀಳತ್ತೆ, ಆ ಬಳೆ ಜಾಗ ಕೆಸರು, ಒಳಗೆ ಒಣಗು. ಆ ದಪ್ಪ ಹನಿ ಕೆಂಪು ಮಣ್ಣಿಗೆ ಬಡಿದು ಮೇಲ್ಪದರ ಕಲ್ಲಿನ ತರ ಆಗತ್ತೆ. ಬೋರು ಚಿಕ್ಕದಿರೋರು ಸೆಟ್‌ಗಟ್ಲೆ ಸ್ಪ್ರಿಂಕ್ಲರ್ ತಂದು ಶೆಡ್ಡಲ್ಲಿ ಬಿಸಾಕಿರೋದು ಇದೇ ಕಾರಣಕ್ಕೆ.

ಇದೇ ತಪ್ಪು ಡ್ರಿಪ್ಪಲ್ಲೂ ಆಗತ್ತೆ, ಅದನ್ನೇ ನಾನು ಜಾಸ್ತಿ ಹೇಳ್ಬೇಕು ಅಂತ ಇರೋದು. ಕೆಲವು ವರ್ಷದ ಹಿಂದೆ ನಮ್ಮ ಸಂಬಂಧಿಕರ ತೋಟದಲ್ಲಿ ಒಂದು ಎಕರೆಗೆ ಡ್ರಿಪ್ ಹಾಕಿಸಿದ್ರು, ಹಾಕಿದವ್ರು ಎಕರೆಗೆ ಎರಡು ಗೇಟ್ ವಾಲ್ ಇಟ್ಟು ಹೋದ್ರು, ಹಂಗೆ ಮಾಡಿದ್ರೆ ಪೈಪು ಫಿಟ್ಟಿಂಗು ಕಮ್ಮಿ, ಕೆಲಸನೂ ಒಂದೇ ದಿನ. ಮೊದಲ ತಿಂಗಳಲ್ಲೇ ವಾಲಿಂದ ಸಾಲುಗಳಿಗೆ ನೀರು ಹಂಚೋ ಸಬ್ ಮೇನ್ ಪೈಪ್ ಹತ್ರದ ಗಿಡ ಹಸಿರು, ತುದಿ ಗಿಡ ಮೊಳಕಾಲುದ್ದ ಕೂಡ ಆಗಿಲ್ಲ. ಅವ್ರು ಡ್ರಿಪ್ ಬ್ಲಾಕ್ ಆಗಿದೆ ಅಂದ್ಕೊಂಡು ಪಿನ್ ಹಾಕಿ ಚುಚ್ಚಿ ಚುಚ್ಚಿ ತೂತು ದೊಡ್ಡದು ಮಾಡಿದ್ರು, ಇನ್ನೂ ಕೆಟ್ಟೋಯ್ತು, ಕೊನೆಗೆ ಪೈಪ್ ಸುತ್ತಿಟ್ಟು ಸಾಲಲ್ಲಿ ನೀರು ಹಾಯಿಸೋದಕ್ಕೇ ವಾಪಸ್. ನಾನು ಹೋಗಿ ನೋಡಿದಾಗ ಒಂದು ಡ್ರಿಪ್ಪರೂ ಕಟ್ಟಿರ್ಲಿಲ್ಲ. ಬೋರು ಕೊಡ್ತಿದ್ದ ನೀರಿಗೆ ಒಂದೊಂದು ವಾಲಿಗೆ ಸೇರಿಸಿದ್ದ ಜಾಗ ದೊಡ್ಡದಾಗಿತ್ತು, ಅಷ್ಟೇ.

ಲೆಕ್ಕ ಸುಲಭ ಇದೆ. ಸಾಲು ನಾಲ್ಕು ಅಡಿ, ಸಾಲಿನುದ್ದಕ್ಕೂ ಹೋಗೋ ಲ್ಯಾಟರಲ್ ಪೈಪು 16 ಎಂಎಂ ಇನ್‌ಲೈನ್, 40 ಸೆಂಟಿಮೀಟರಿಗೆ ಒಂದು ಡ್ರಿಪ್ಪರ್, ಒಂದೊಂದೂ ಗಂಟೆಗೆ ಎರಡು ಲೀಟರ್. ಒಂದು ಗುಂಟೆಗೆ ಸುಮಾರು 84 ಮೀಟರ್ ಪೈಪು, 210 ಡ್ರಿಪ್ಪರ್, ಗಂಟೆಗೆ 420 ಲೀಟರ್. 20 ಗುಂಟೆ ಒಂದೇ ವಾಲಿಗೆ ಕೊಟ್ರೆ ಗಂಟೆಗೆ 8400 ಲೀಟರ್ ಬೇಕು, ನಿಮ್ಮ ಬೋರಲ್ಲಿ ಎಲ್ಲಿದೆ? 3000ಕ್ಕೆ ಏಳು ಗುಂಟೆ, 1500ಕ್ಕೆ ಮೂರೂವರೆ. ಹಂಗಾಗಿ ನೀವು ಒಂದೊಂದು ವಾಲನ್ನೂ ಮೂರೂವರೆ ಗುಂಟೆಗೇ ಮಾಡಿಸಿ. ನೀರು ಚೆನ್ನಾಗಿರೋ ಕಾಲದಲ್ಲಿ ಎರಡೆರಡು ವಾಲ್ ಒಟ್ಟಿಗೆ ತೆಗೀರಿ, ಏಪ್ರಿಲ್ ಬಂದಾಗ ಒಂದೊಂದೇ ತೆಗೀರಿ, ಪ್ರೆಶರ್ ಎರಡೂ ಕಾಲದಲ್ಲಿ ಒಂದೇ ಇರತ್ತೆ. 28 ಗುಂಟೆ ಡ್ರಿಪ್ ಅಂದ್ರೆ ಎಂಟು ವಾಲ್. ಅಂಗಡಿಯವ್ರು ಯಾಕೆ ಇಷ್ಟೊಂದು ಅಂತಾರೆ, ಸ್ವಲ್ಪ ಖರ್ಚೂ ಜಾಸ್ತಿ ಆಗತ್ತೆ, ಬಿಡ್ಬೇಡಿ, ಪೂರ್ತಿ ಸಿಸ್ಟಮ್ಮಲ್ಲಿ ಇದಕ್ಕಿಂತ ಒಳ್ಳೇ ಕಡೆ ದುಡ್ಡು ಹಾಕೋಕಾಗಲ್ಲ. ತೋಟಗಾರಿಕೆ ಇಲಾಖೆ ಸಬ್ಸಿಡಿಯಲ್ಲಿ ಹಾಕಿಸೋದಾದ್ರೂ ಡ್ರಾಯಿಂಗ್ ಮಾಡೋವಾಗಲೇ ಈ ವಾಲ್ ವಿಷಯ ಹೇಳಿ ಬರೆಸಿ, ಆಮೇಲೆ ಬದಲಾಯಿಸೋದು ಕಷ್ಟ.

ಗಿಡ ಪೂರ್ತಿ ಬೆಳೆದಾಗ ಒಂದೊಂದು ಸಲಕ್ಕೂ ಒಂದು ಗಂಟೆ 35 ನಿಮಿಷ ಬಿಟ್ರೆ ಗುಂಟೆಗೆ ಆ 670 ಲೀಟರ್ ಸೇರತ್ತೆ. ಆರು ಗಂಟೆ ಕರೆಂಟಲ್ಲಿ ನಾಲ್ಕು ಸಲ ಬದಲಾಯಿಸ್ಬೋದು ಅಂತ ಇಟ್ಕೊಳ್ಳಿ, ಕೊನೇದು ಸ್ವಲ್ಪ ಕಮ್ಮಿ ಬೀಳತ್ತೆ, ಮಾರನೇ ದಿನ ಅದ್ರಿಂದಲೇ ಶುರು ಮಾಡಿ.

ಕೆಲಸ ಮುಗಿಸಿ ಹೋಗೋಕೆ ಮುಂಚೆ ಹಾಕಿದವ್ರನ್ನ ನಿಲ್ಲಿಸ್ಕೊಂಡು ಒಂದು ಪರೀಕ್ಷೆ ಮಾಡಿ. ಒಂದೇ ಅಳತೆಯ ಎರಡು ಲೋಟ, ಒಂದು ಸಬ್ ಮೇನ್ ಹತ್ರದ ಮೊದಲ ಡ್ರಿಪ್ಪರ್ ಕೆಳಗೆ, ಇನ್ನೊಂದು ಅತೀ ದೂರದ ಲ್ಯಾಟರಲ್ಲಿನ ಕೊನೇ ಡ್ರಿಪ್ಪರ್ ಕೆಳಗೆ, ಸಣ್ಣ ಗುಂಡಿ ತೋಡಿ ಇಡಿ. ಆರು ನಿಮಿಷಕ್ಕೆ 200 ಎಂಎಲ್ ಬರ್ಬೇಕು. ಎರಡಕ್ಕೂ 20 ಎಂಎಲ್ ಒಳಗೆ ವ್ಯತ್ಯಾಸ ಇದ್ರೆ ಸರಿ, ಅದಕ್ಕಿಂತ ಜಾಸ್ತಿ ಇದ್ರೆ ಒಂದು ವಾಲಿಗೆ ಸೇರಿಸಿದ ಜಾಗ ದೊಡ್ಡದಾಗಿದೆ ಇಲ್ಲಾ ಸಬ್ ಮೇನ್ ಸಣ್ಣದಾಗಿದೆ. ಆ ನಂಬರ್ ಶೆಡ್ ಗೋಡೆ ಮೇಲೆ ಬರ್ದಿಡಿ, ಪ್ರತಿ ಬೆಳೆಗೂ ಇದೇ ಪರೀಕ್ಷೆ ಮಾಡಿ. ಎರಡೂ ಲೋಟದಲ್ಲಿ ಒಂದೇ ಸಮ ಕಮ್ಮಿ ಬಂದ್ರೆ ಮೊದಲು ಫಿಲ್ಟರ್ ಬಿಚ್ಚಿ ತೊಳೀರಿ, ಆಮೇಲೂ ಹಂಗೇ ಇದ್ರೆ ಬೋರು ಇಳಿದಿದೆ. ಅಕ್ಕಪಕ್ಕದ ಡ್ರಿಪ್ಪರಲ್ಲೇ ಒಂದಕ್ಕೆ ಬಂದು ಇನ್ನೊಂದಕ್ಕೆ ಬರ್ದೇ ಇದ್ರೆ ಮಾತ್ರ ಅದು ಕಟ್ಟಿರೋದು.

ಕಟ್ಟೋದು ನಮ್ಮ ಕಡೆ ಹೆಚ್ಚಾಗಿ ಸುಣ್ಣದಿಂದ. ಡ್ರಿಪ್ಪರ್ ಬಾಯಲ್ಲಿ ಇರೋ ಬಿಳಿ ಪುಡಿ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಬಂದ್ರೆ ಸುಣ್ಣವೇ. ಅದಕ್ಕೆ ಒಂದು ಬೆಳೆ ಮುಗಿದು ಇನ್ನೊಂದು ಹಾಕೋ ಮಧ್ಯ ಆ್ಯಸಿಡ್ ಬಿಡ್ಬೇಕು, ಹೈಡ್ರೋಕ್ಲೋರಿಕ್ ಆ್ಯಸಿಡ್. ಎಷ್ಟು ಅನ್ನೋದು ನಿಮ್ಮ ನೀರಿನ ಮೇಲೆ, ಹತ್ತು ಲೀಟರ್ ಬಕೆಟ್ಟಲ್ಲಿ ಬೋರು ನೀರು ತಗೊಂಡು ಸ್ವಲ್ಪ ಸ್ವಲ್ಪ ಆ್ಯಸಿಡ್ ಹಾಕ್ತಾ ಪಿಎಚ್ ಪೇಪರಲ್ಲಿ ನಾಲ್ಕು ತೋರಿಸೋವರೆಗೂ ಎಷ್ಟು ಹಿಡೀತು ನೋಡಿ, ಅದೇ ಪ್ರಮಾಣದಲ್ಲಿ ಗೊಬ್ಬರ ಬಿಡೋ ವೆಂಚುರಿಯಿಂದ ಬಿಡಿ. ಕೊನೇ ಡ್ರಿಪ್ಪರಲ್ಲೂ ಪೇಪರ್ ನಾಲ್ಕು ತೋರಿಸಿದ ಮೇಲೆ ಮೋಟ್ರು ನಿಲ್ಲಿಸಿ ರಾತ್ರಿ ಹಂಗೇ ಬಿಟ್ಟು, ಬೆಳಿಗ್ಗೆ ಮೊದಲು ಸಬ್ ಮೇನ್ ಫ್ಲಶ್ ವಾಲ್, ಆಮೇಲೆ ಎಲ್ಲಾ ಲ್ಯಾಟರಲ್ ತುದಿ ಬಿಚ್ಚಿ ನೀರು ತಿಳಿಯಾಗೋವರೆಗೂ ಹರಿಸಿ. ಯಾವಾಗ್ಲೂ ನೀರಿಗೆ ಆ್ಯಸಿಡ್ ಹಾಕ್ಬೇಕು, ಆ್ಯಸಿಡ್‌ಗೆ ನೀರು ಸುರೀಬೇಡಿ, ಸಿಡಿದು ಮುಖಕ್ಕೆ ಬರತ್ತೆ. ಗ್ಲೌಸ್ ಕನ್ನಡಕ ಇಲ್ದೇ ಮುಟ್ಬೇಡಿ, ಮಕ್ಕಳನ್ನ ಹತ್ರ ಬಿಡ್ಬೇಡಿ.

ಇನ್ನು ಕ್ಯಾರೆಟ್ ಕೊತ್ತಂಬರಿ. ಇಲ್ಲಿ ಡ್ರಿಪ್ ಸೋಲತ್ತೆ. ಕ್ಯಾರೆಟ್ ಬೀಜ ಅರ್ಧ ಇಂಚು ಆಳದಲ್ಲಿ ಇರತ್ತೆ, ಮೊಳಕೆಗೆ ಎಂಟು ಹತ್ತು ದಿನ ಬೇಕು, ಅಷ್ಟೂ ದಿನ ಮೇಲ್ಮಣ್ಣು ಹಸಿಯಾಗಿ ಸಡಿಲವಾಗಿ ಇರ್ಬೇಕು. ಡ್ರಿಪ್ಪಲ್ಲಿ ಪೈಪಿನ ಪಕ್ಕ ಮಾತ್ರ ಹುಟ್ಟಿ ಮಧ್ಯ ಬೋಳು ಬೀಳತ್ತೆ. ಅದಕ್ಕೆ ಐದು ಗುಂಟೆ ಒಂದು ಕಡೆ ಬಿಟ್ಟು ಮಿನಿ ಸ್ಪ್ರಿಂಕ್ಲರ್ ಹಾಕ್ಸಿ, ಗಂಟೆಗೆ 450 ಲೀಟರ್ ಆಸುಪಾಸು ಬಿಡೋದು, ಎಂಟು ಮೀಟರಿಗೆ ಒಂದರಂತೆ. 3000 ಲೀಟರಲ್ಲಿ ಇವು ಆರು ಚೆನ್ನಾಗಿ ತಿರುಗತ್ತೆ, ನಾಲ್ಕು ಗುಂಟೆ ಹತ್ರ ಒಂದೇ ಸಲ ನೆನೆಯತ್ತೆ. ಸ್ಟ್ಯಾಂಡ್ ಕಿತ್ತು ಬೇರೆ ಕಡೆ ಇಡೋ ತರ ಮಾಡಿಸ್ಕೊಳ್ಳಿ. ರೇನ್ ಪೈಪ್ ಇದಕ್ಕಿಂತ ಅಗ್ಗ, ಪ್ರೆಶರೂ ಕಮ್ಮಿ ಸಾಕು, ಆದ್ರೆ ಕುಡುಗೋಲು ತಗುಲಿದ್ರೆ ಹೋಯ್ತು, ಗಾಳಿ ಬೀಸಿದ್ರೆ ಒಂದೇ ಕಡೆ ಬೀಳತ್ತೆ, ತೂತಲ್ಲಿ ಸುಣ್ಣ ಕೂತ್ರೆ ಬಿಸಾಕೋದೇ. ಬರೀ ಕೊತ್ತಂಬರಿ ಸೊಪ್ಪು ಬೆಳೆಯೋದಾದ್ರೆ ರೇನ್ ಪೈಪ್ ಸಾಕು, ಕ್ಯಾರೆಟ್ ಇದೆ ಅಂದ್ರೆ ಮಿನಿ ಸ್ಪ್ರಿಂಕ್ಲರ್ರೇ ಒಳ್ಳೇದು.

ಬೀಜ ಹಾಕಿದ ಮೇಲೆ ಹುಟ್ಟೋವರೆಗೂ ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ ಸಾಕು, ಒಂದೇ ಸಲ ಗಂಟೆಗಟ್ಲೆ ಬಿಡ್ಬೇಡಿ. ಹುಟ್ಟಿದ ಮೇಲೆ ಸಲಗಳನ್ನ ಕಮ್ಮಿ ಮಾಡಿ ಹೊತ್ತು ಜಾಸ್ತಿ ಮಾಡಿ, ಕ್ಯಾರೆಟ್ ಬೇರು ಕೆಳಗೆ ಇಳೀಬೇಕಲ್ಲ. ಬೆಳಗಿನ ಜಾವ ಬಿಡೋದು ಒಳ್ಳೇದು, ಗಾಳಿ ಇರಲ್ಲ, ಬಿಸಿಲು ಬಂದ ಮೇಲೆ ಎಲೆ ಬೇಗ ಒಣಗತ್ತೆ. ಮಧ್ಯಾಹ್ನ ಗಾಳಿಯಲ್ಲಿ ಬಿಟ್ರೆ ಆ ನೀರು ಪಕ್ಕದವ್ರ ಹೊಲಕ್ಕೆ. ಕ್ಯಾರೆಟ್ ಚಳಿ ಬೆಳೆ, ಆಗಸ್ಟಿಂದ ನವೆಂಬರ್ ಒಳಗೆ ಬಿತ್ತಿದ್ರೆ ಬೋರಲ್ಲೂ ನೀರಿರತ್ತೆ. ಬೇಸಿಗೆಯಲ್ಲಿ ಆ ಜಾಗದಲ್ಲಿ ಎರಡು ಮೂರು ಗುಂಟೆ ಕೊತ್ತಂಬರಿ ಮಾತ್ರ ಇಟ್ಕೊಳ್ಳಿ, ಅದು ನಲವತ್ತು ನಲವತ್ತೈದು ದಿನಕ್ಕೆ ಮುಗಿಯತ್ತೆ, ನೀರು ಕೈ ಕೊಟ್ರೂ ನಷ್ಟ ಸಣ್ಣದು.

ಡ್ರಿಪ್ಪಲ್ಲೂ ನೀರು ಪೋಲಾಗತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಕೆಂಪು ಮಣ್ಣು ನೀರನ್ನ ಬೇಗ ಕೆಳಗೆ ಬಿಟ್ಬಿಡತ್ತೆ, ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು ಗಂಟೆ ಬಿಟ್ರೆ ಅರ್ಧ ಬೇರಿನ ಕೆಳಗೆ ಇಳಿದು ಹೋಗಿರತ್ತೆ, ಅದ್ರ ಜೊತೆ ನೀವು ಹಾಕಿದ ಗೊಬ್ಬರಾನೂ. ನೀರು ಬಿಟ್ಟ ಎರಡು ಗಂಟೆ ಆದ್ಮೇಲೆ ಡ್ರಿಪ್ಪರ್ ಪಕ್ಕ ಗುದ್ದಲಿಯಲ್ಲಿ ಒಂದು ಗುಂಡಿ ತೋಡಿ. ಒಂದಡಿ, ಒಂದೂಕಾಲು ಅಡಿವರೆಗೂ ಹಸಿ ಇದ್ರೆ ಸಾಕು. ಎರಡಡಿ ಕೆಳಗೂ ಮಣ್ಣು ಉಂಡೆ ಕಟ್ಟೋಷ್ಟು ಹಸಿ ಇದ್ರೆ ನಾಳೆಯಿಂದ ಹೊತ್ತು ಕಮ್ಮಿ ಮಾಡಿ.

ಇನ್ನು ನಾಟಿ. ಈ ನೀರಿಗೆ ಎಲ್ಲಾ 28 ಗುಂಟೆ ಟೊಮೆಟೊ ಒಂದೇ ದಿನ ನಾಟಿ ಮಾಡೋ ಹಾಗಿಲ್ಲ. ನಾಟಿ ಆಗಿ ನಲವತ್ತೈದರಿಂದ ತೊಂಬತ್ತು ದಿನದ ಮಧ್ಯೆ ಟೊಮೆಟೊ ಜಾಸ್ತಿ ಕುಡಿಯತ್ತೆ, ಹೂವು ಕಾಯಿ ಎರಡೂ ಇರೋ ಹೊತ್ತು. ಫೆಬ್ರವರಿ ಕೊನೆಯಲ್ಲಿ ನಾಟಿ ಮಾಡಿದ್ದು ಸರಿಯಾಗಿ ಏಪ್ರಿಲ್ ಮೇ ಬಿಸಿಲಿಗೆ ಸಿಗತ್ತೆ. ಆ ನಾಟಿ ಮೂರು ವಾಲಿಗೆ ಮಾತ್ರ, ಅಂದ್ರೆ ಹತ್ತೂವರೆ ಗುಂಟೆಗೆ ಮಾಡಿ. ದಿನದ 9,000ದಲ್ಲಿ ಅದಕ್ಕೆ 7,000 ಹೋಗತ್ತೆ, ಉಳಿದಿದ್ದು ಕೊತ್ತಂಬರಿಗೆ. ಬೇರೆ ಐದು ವಾಲಿನ ಜಾಗ ಆಗ ಖಾಲಿ ಇರ್ಲಿ, ಮಳೆ ಹಿಡಿದ ಮೇಲೆ ಜೂನ್ ಜುಲೈನಲ್ಲಿ ಬೀನ್ಸು, ಎರಡನೇ ಟೊಮೆಟೊ ಅಲ್ಲಿ. ರೇಟ್ ಬರೋ ಕಾಲಕ್ಕೆ ನೆಲ ಖಾಲಿ ಬಿಡೋದು ಹೊಟ್ಟೆ ಉರಿಯತ್ತೆ ಅಂತ ನನಗೂ ಗೊತ್ತು, ಆದ್ರೆ 28 ಗುಂಟೆಗೂ ಅರ್ಧರ್ಧ ನೀರು ಕೊಟ್ರೆ ಎಲ್ಲಾ ಗಿಡದಲ್ಲೂ ಕಾಯಿ ಸಣ್ಣದಾಗಿ ಕೆಳಭಾಗ ಕಪ್ಪಾಗತ್ತೆ, ನೀರು ಒಂದಿನ ಇದ್ದು ಒಂದಿನ ಇಲ್ದೇ ಇದ್ದಾಗ ಕಾಯಿಗೆ ಕ್ಯಾಲ್ಸಿಯಂ ತಲುಪದೇ ಆಗೋದು ಅದು, ಮಂಡಿಯಲ್ಲಿ ಅದನ್ನ ಯಾರೂ ಮುಟ್ಟಲ್ಲ.

ಈ ವಾರ ಆ ಡ್ರಮ್ ಅಳತೆ ಒಂದು ಮಾಡಿ, ಎಷ್ಟು ನಿಮಿಷಕ್ಕೆ ತುಂಬಿತು, ಹೊಲದ ಉದ್ದ ಅಗಲ ಎಷ್ಟು, ಇಳಿಜಾರು ಯಾವ ಕಡೆಗೆ, ಬೋರು ಯಾವ ಮೂಲೆಯಲ್ಲಿದೆ ಅಂತ ಬರೀರಿ. ಎಂಟು ವಾಲು ಎಲ್ಲೆಲ್ಲಿ ಬರ್ಬೇಕು, ಸಬ್ ಮೇನ್ ಯಾವ ಕಡೆಯಿಂದ ತರ್ಬೇಕು ಅಂತ ಕೈಯಲ್ಲೇ ಒಂದು ನಕ್ಷೆ ಹಾಕಿ ಕೊಡ್ತೀನಿ, ಅದನ್ನ ಹಿಡ್ಕೊಂಡು ಅಂಗಡಿಗೆ ಹೋಗಿ.